ಹತ್ತನೆಯ ತರಗತಿಯ ಗಣಿತಕ್ಕೆ ಎಲ್ಲರಿಗೂ ಒಂದೇ ಪುನರಾವರ್ತನ ಪುಸ್ತಿಕೆ: ಕಟ್ಟುವ ಬಗೆ, ಬಳಸುವ ಬಗೆ

ಪಾಠಗಳೆಲ್ಲ ಮುಗಿದ ಬಳಿಕ, ಪರೀಕ್ಷೆಗೆ ಮುನ್ನ, ಅಧ್ಯಾಪಕರು ತಮ್ಮ ತರಗತಿಗಾಗಿಯೇ ಸಿದ್ಧಪಡಿಸುವ ಅಭ್ಯಾಸದ ಹೊತ್ತಗೆಯನ್ನು ಪುನರಾವರ್ತನ ಪುಸ್ತಿಕೆ ಎನ್ನುತ್ತೇವೆ. ಕಾಸರಗೋಡಿನ ಕನ್ನಡ ಮಾಧ್ಯಮ ಪ್ರೌಢಶಾಲೆಗಳಲ್ಲಿ ಕ್ರಿಸ್ಮಸ್ ಪರೀಕ್ಷೆಯ ಉತ್ತರಪತ್ರಿಕೆಗಳು ಕೈಗೆ ಬಂದ ಮೇಲೆ ಈ ಕೆಲಸ ಆರಂಭವಾಗುತ್ತದೆ. ಫೆಬ್ರವರಿಯ ಮಾದರಿ ಪರೀಕ್ಷೆಯನ್ನು ದಾಟಿ, ಮಾರ್ಚ್ ತಿಂಗಳ ಎಸ್ಸೆಸ್ಸೆಲ್ಸಿ ಪರೀಕ್ಷೆಯ ಹಿಂದಿನ ದಿನದವರೆಗೂ ಪುಸ್ತಿಕೆ ಮಗುವಿನ ಚೀಲದಲ್ಲಿರುತ್ತದೆ. ಒಂದೇ ತರಗತಿಯಲ್ಲಿ ಎ ಪ್ಲಸ್‌ಗೆ ಸಿದ್ಧವಾದ ಮಗುವೂ ಕೂಡಿಸುವಲ್ಲೇ ಎಡವುವ ಮಗುವೂ ಅಕ್ಕಪಕ್ಕ ಕುಳಿತಿರುವಾಗ, ಇಬ್ಬರಿಗೂ ಸಲ್ಲುವ ಒಂದೇ ಪುಸ್ತಿಕೆಯನ್ನು ಗಣಿತ ವಿಷಯದಲ್ಲಿ ಹೇಗೆ ಕಟ್ಟಬಹುದು ಎಂಬುದನ್ನು ನಮ್ಮ ತರಗತಿಯ ಅನುಭವದಿಂದ ಇಲ್ಲಿ ವಿವರಿಸಿದ್ದೇವೆ.

ಇಪ್ಪತ್ತನಾಲ್ಕು ಅಂಕಗಳ ಗೆರೆ

ಕೇರಳದ ಎಸ್ಸೆಸ್ಸೆಲ್ಸಿಯಲ್ಲಿ ಗಣಿತಕ್ಕೆ ಒಟ್ಟು 100 ಅಂಕಗಳು. ಅದರಲ್ಲಿ 80 ಲಿಖಿತ ಪರೀಕ್ಷೆಗೆ, 20 ಶಾಲೆಯಲ್ಲೇ ನೀಡುವ ನಿರಂತರ ಮೌಲ್ಯಮಾಪನಕ್ಕೆ ಸೇರಿವೆ. ಮುಂದಿನ ಓದಿಗೆ ಅರ್ಹತೆ ದೊರೆಯಲು ಡಿ ಪ್ಲಸ್, ಅಂದರೆ ಶೇಕಡಾ 30, ಬೇಕು. ಎರಡೂ ಭಾಗಗಳನ್ನು ಕೂಡಿಸಿ ನೋಡುವ ಪದ್ಧತಿಯಲ್ಲಿ, ನಿರಂತರ ಮೌಲ್ಯಮಾಪನದಲ್ಲಿ 20 ಪಡೆದ ಮಗುವಿಗೆ ಲಿಖಿತ ಪರೀಕ್ಷೆಯಲ್ಲಿ 10 ಅಂಕ ಬಂದರೂ ಸಾಕಾಗುತ್ತಿತ್ತು.

ಲಿಖಿತ ಪರೀಕ್ಷೆಯಲ್ಲೇ ಪ್ರತ್ಯೇಕವಾಗಿ ಶೇಕಡಾ 30 ಪಡೆಯಬೇಕೆಂದು ಕೇರಳ ಸರಕಾರ 2024ರಲ್ಲಿ ತೀರ್ಮಾನಿಸಿತು. ಎಂಟನೆಯ ತರಗತಿಗೆ 2024–25ರಲ್ಲಿ, ಒಂಬತ್ತನೆಯದಕ್ಕೆ 2025–26ರಲ್ಲಿ, ಹತ್ತನೆಯದಕ್ಕೆ 2026–27ರಲ್ಲಿ ಎಂಬುದು ಅದರ ಕ್ರಮ. 80ರಲ್ಲಿ ಶೇಕಡಾ 30 ಎಂದರೆ 24. ಹಿಂದೆ 10 ಅಂಕಗಳಿಂದ ದಡ ಸೇರುತ್ತಿದ್ದ ಮಗು ಇನ್ನು 24ನ್ನು ತಾನೇ ಬರೆದು ಗಳಿಸಬೇಕು. ಆದ್ದರಿಂದ ಪುಸ್ತಿಕೆಗೆ ಎರಡು ಹೊಣೆಗಳಿವೆ: 24ರ ಗೆರೆಯ ಕೆಳಗಿರುವವರನ್ನು ಮೇಲೆ ತರಬೇಕು; 72 ದಾಟಬಲ್ಲವರನ್ನು ಅಲ್ಲಿಂದ ಕೆಳಗಿಳಿಯಲು ಬಿಡಬಾರದು.

ಎರಡು ಪುಸ್ತಿಕೆಗಳನ್ನು ಕೈಬಿಟ್ಟ ಕಾರಣ

ನಾವೂ ಮೊದಲು ಎರಡು ಪುಸ್ತಿಕೆಗಳನ್ನೇ ಮಾಡಿದ್ದೆವು. ಹಿಂದುಳಿದವರಿಗೆ ಸಪೂರದ್ದು, ಮುಂದಿದ್ದವರಿಗೆ ದಪ್ಪದ್ದು. ಸಪೂರದ ಪುಸ್ತಿಕೆ ಪಡೆದ ಮಕ್ಕಳು ಅದನ್ನು ಚೀಲದಿಂದ ಹೊರಗೆ ತೆಗೆಯಲೇ ಇಲ್ಲ. ರಕ್ಷಕರ ಸಭೆಯಲ್ಲಿ ಒಬ್ಬ ತಾಯಿ, "ನನ್ನ ಮಗನಿಗೆ ಮಾತ್ರ ಯಾಕೆ ಟೀಚರ್ ಸಪೂರದ ಪುಸ್ತಕ?" ಎಂದು ಕೇಳಿದಾಗ ನಮ್ಮಲ್ಲಿ ಒಳ್ಳೆಯ ಉತ್ತರವಿರಲಿಲ್ಲ. ಅದಕ್ಕಿಂತ ದೊಡ್ಡ ದೋಷವೊಂದು ಮಾರ್ಚ್‌ನಲ್ಲಿ ತಿಳಿಯಿತು. ಸಂಖ್ಯಾಶಾಸ್ತ್ರದಲ್ಲಿ ತಡವರಿಸುತ್ತಿದ್ದ ಕೆಲವು ಮಕ್ಕಳು ರೇಖಾಗಣಿತದ ರಚನೆಗಳನ್ನು ಚೆನ್ನಾಗಿ ಮಾಡಬಲ್ಲವರಾಗಿದ್ದರು. ಆದರೆ ಸಪೂರದ ಪುಸ್ತಿಕೆಯಲ್ಲಿ ಕಠಿಣ ರಚನೆಗಳಿರಲಿಲ್ಲ. ಮಗುವನ್ನು ಒಟ್ಟು ಅಂಕದಿಂದ ಅಳೆದು, ಅದು ಏರಬಹುದಾಗಿದ್ದ ಮೆಟ್ಟಿಲನ್ನು ನಾವೇ ಮುಚ್ಚಿದ್ದೆವು.

ಮರುವರ್ಷ ಸರಾಸರಿ ಮಟ್ಟದ ಒಂದೇ ಪುಸ್ತಿಕೆ ಮಾಡಿದೆವು. ಅದೂ ಫಲಿಸಲಿಲ್ಲ. ಮುಂದಿದ್ದವರು ಎರಡು ವಾರಗಳಲ್ಲಿ ಮುಗಿಸಿ ಸುಮ್ಮನಾದರು. ಹಿಂದಿದ್ದವರು ಎರಡನೆಯ ಪುಟದಲ್ಲೇ ನಿಂತರು. ಈ ಎರಡು ಸೋಲುಗಳಿಂದ ಈಗಿನ ರೂಪ ಬಂದಿದೆ. ಪುಸ್ತಿಕೆ ಒಂದೇ, ಮಟ್ಟಗಳನ್ನು ಪುಸ್ತಿಕೆಗಳ ನಡುವೆ ಹಂಚದೆ ಪ್ರತಿಯೊಂದು ಪುಟದೊಳಗೇ ಮೆಟ್ಟಿಲುಗಳಾಗಿ ಇಡುತ್ತೇವೆ. ಒಂದು ಸನ್ನಿವೇಶ, ಅದೇ ಸಂಖ್ಯೆಗಳು, ಆರು ಪ್ರಶ್ನೆಗಳು. ಎಲ್ಲರೂ ಒಂದನೆಯ ಮೆಟ್ಟಿಲಿನಿಂದಲೇ ಹೊರಡುತ್ತಾರೆ. ಎಲ್ಲಿ ನಿಲ್ಲಬೇಕೆಂದು ಪುಸ್ತಿಕೆ ಯಾರಿಗೂ ಹೇಳುವುದಿಲ್ಲ.

ಕೆಲಸ ಉತ್ತರಪತ್ರಿಕೆಯಿಂದ ಆರಂಭ

ಪುಸ್ತಿಕೆಗೆ ಪ್ರಶ್ನೆ ಆರಿಸುವ ಮೊದಲು ಕ್ರಿಸ್ಮಸ್ ಪರೀಕ್ಷೆಯ ಉತ್ತರಪತ್ರಿಕೆಗಳನ್ನು ಮತ್ತೊಮ್ಮೆ ಓದಬೇಕು. ಈ ಸಲ ಓದುವುದು ಅಂಕ ಕೊಡಲಿಕ್ಕಲ್ಲ. ಒಂದು ಮಗುವಿನ ಪತ್ರಿಕೆಯನ್ನು ಮೊದಲಿನಿಂದ ಕೊನೆಯವರೆಗೆ ಓದುವ ಬದಲು, ಒಂದು ಪ್ರಶ್ನೆಯನ್ನು ಹಿಡಿದು ಎಲ್ಲ ಪತ್ರಿಕೆಗಳಲ್ಲಿ ಅದರ ಉತ್ತರವನ್ನಷ್ಟೇ ಓದುತ್ತೇವೆ. ಪ್ರತಿ ಮಗುವೂ ಮೊದಲು ಎಡವಿದ ಸಾಲನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳುತ್ತೇವೆ. ನಮ್ಮ 34 ಮಕ್ಕಳ ತರಗತಿಗೆ ಎರಡು ಸಂಜೆಗಳು ಬೇಕಾದವು.

ಹೀಗೆ ಓದಿದಾಗ ತಪ್ಪುಗಳು ಮೂರು ಬಗೆಯವಾಗಿ ಕಾಣುತ್ತವೆ. ಮೊದಲನೆಯದು, ಪ್ರಶ್ನೆಯ ವಾಕ್ಯವೇ ಅರ್ಥವಾಗದೆ ಬಿಟ್ಟದ್ದು. ಅಲ್ಲಿ ಜಾಗ ಖಾಲಿಯಿರುತ್ತದೆ ಅಥವಾ ಪ್ರಶ್ನೆಯನ್ನೇ ನಕಲು ಮಾಡಿರುತ್ತಾರೆ. ಎರಡನೆಯದು, ದಾರಿ ಸರಿಯಿದ್ದು ಲೆಕ್ಕದಲ್ಲಿ ಜಾರಿದ್ದು. ಮೂರನೆಯದು, ಉತ್ತರ ಸರಿಯಿದ್ದರೂ ಕಾರಣ ಬರೆಯಲಾಗದೆ ಅಂಕ ಕಳೆದುಕೊಂಡದ್ದು. ಇದು ಹೆಚ್ಚಾಗಿ 60ರ ಮೇಲಿನವರಲ್ಲಿ ಕಾಣುತ್ತದೆ. ತಲಾ 20 ಅಂಕ ಪಡೆದ ಇಬ್ಬರು ಮಕ್ಕಳಲ್ಲಿ ಒಬ್ಬರ ತೊಡಕು ಭಾಷೆಯದ್ದು, ಇನ್ನೊಬ್ಬರದ್ದು ವ್ಯವಕಲನದ್ದು ಆಗಿರಬಹುದು. ಅಂಕಪಟ್ಟಿಯಲ್ಲಿ ಇದು ಕಾಣುವುದಿಲ್ಲ.

ಸಮಾಂತರ ಶ್ರೇಢಿಯ ಒಂದು ಪ್ರಶ್ನೆಯಲ್ಲಿ ನಮಗೆ ಹನ್ನೊಂದು ಪತ್ರಿಕೆಗಳಲ್ಲಿ ಒಂದೇ ತಪ್ಪು ಸಿಕ್ಕಿತು. ಮೊದಲನೆಯ ಪದ ಮತ್ತು ವ್ಯತ್ಯಾಸವನ್ನು ಕೊಟ್ಟು ಹತ್ತನೆಯ ಪದವನ್ನು ಕೇಳಿದಾಗ, ಅವರೆಲ್ಲರೂ ವ್ಯತ್ಯಾಸವನ್ನು ಒಂಬತ್ತು ಸಲ ಕೂಡಿಸುವ ಬದಲು ಹತ್ತು ಸಲ ಕೂಡಿಸಿದ್ದರು. ಆ ಹನ್ನೊಂದರಲ್ಲಿ 15 ಅಂಕದ ಪತ್ರಿಕೆಯೂ ಇತ್ತು, 58 ಅಂಕದ್ದೂ ಇತ್ತು. ಒಂದೇ ತಪ್ಪು ಎಲ್ಲ ಮಟ್ಟಗಳಲ್ಲೂ ಇರುವುದಾದರೆ ಅದನ್ನು ತಿದ್ದುವ ಪುಟವೂ ಒಂದೇ ಆಗಿರಬಹುದು. ಸಾಮಾನ್ಯ ಪುಸ್ತಿಕೆ ಸಾಧ್ಯವೆಂಬ ಧೈರ್ಯ ನಮಗೆ ಬಂದದ್ದು ಇಲ್ಲಿಂದ.

ಒಂದು ಪುಟದ ಕಟ್ಟೋಣ: ಅಡಿಕೆ ಸಸಿಯ ಸಾಲುಗಳು

ಆ ತಪ್ಪಿಗಾಗಿ ಕಟ್ಟಿದ ಪುಟವನ್ನೇ ಉದಾಹರಣೆಯಾಗಿ ನೋಡೋಣ. ಪುಸ್ತಿಕೆಯನ್ನು ಬಿಡಿಸಿದಾಗ ಎದುರುಬದುರಾಗಿ ಕಾಣುವ ಎರಡು ಪುಟಗಳು ಒಂದು ಘಟಕ. ಎಡಪುಟದ ಮೇಲ್ಗಡೆ ಸನ್ನಿವೇಶವಿದೆ: ಕೆಳಗೆ ಹೋದಂತೆ ಅಗಲವಾಗುವ ಒಂದು ತೋಟದಲ್ಲಿ ಮೊದಲನೆಯ ಸಾಲಿನಲ್ಲಿ 7 ಅಡಿಕೆ ಸಸಿಗಳು, ಎರಡನೆಯದರಲ್ಲಿ 11, ಮೂರನೆಯದರಲ್ಲಿ 15, ಹೀಗೆ ಪ್ರತಿ ಸಾಲಿಗೂ 4 ಹೆಚ್ಚುತ್ತಾ ಹೋಗುತ್ತದೆ. ಅದರ ಕೆಳಗೆ ಈ ಪಟ್ಟಿಯಿದೆ:

```
ಸಾಲು          1    2    3    4   ...   10
ಸಸಿಗಳು        7   11   15   19   ...    ?
4 ಸೇರಿದ ಸಲ    0    1    2    3   ...    ?
```

ಮೂರನೆಯ ಸಾಲೇ ಈ ಪುಟದ ಜೀವಾಳ. ಮೊದಲನೆಯ ಸಾಲಿಗೆ 4 ಒಂದು ಸಲವೂ ಸೇರಿಲ್ಲ ಎಂಬುದನ್ನು ಮಗು ಕಣ್ಣಾರೆ ಕಾಣುತ್ತದೆ. ಹತ್ತರ ಕೆಳಗೆ ಬರೆಯಬೇಕಾದದ್ದು 9 ಎಂದು ತಾನೇ ಕಂಡುಕೊಳ್ಳುತ್ತದೆ. ಸೂತ್ರವನ್ನು ಕಂಠಪಾಠ ಮಾಡಿಸಿದಾಗ ಹೋಗದ ತಪ್ಪು ಈ ಸಾಲನ್ನು ತುಂಬಿಸಿದಾಗ ಬಹುಪಾಲು ಹೋಯಿತು.

ಬಳಿಕ ಮೆಟ್ಟಿಲುಗಳು ಬರುತ್ತವೆ.

ಒಂದನೆಯ ಮೆಟ್ಟಿಲು: ಮುಂದಿನ ಎರಡು ಸಾಲುಗಳಲ್ಲಿ ಎಷ್ಟು ಸಸಿಗಳಿರುತ್ತವೆ? ನಾಲ್ಕನೆಯ ಸಾಲು ಪಟ್ಟಿಯಲ್ಲೇ ಇರುವುದರಿಂದ ಬರೆಯಬೇಕಾದವು 23 ಮತ್ತು 27. ಕೂಡಿಸಬಲ್ಲ ಯಾವ ಮಗುವಿಗೂ ಇದು ಸಾಧ್ಯ.

ಎರಡನೆಯದು: ಹತ್ತನೆಯ ಸಾಲಿನಲ್ಲಿ ಎಷ್ಟು? 7 + 9 × 4 = 43. ಇಲ್ಲಿ 47 ಬಂದರೆ ಪಟ್ಟಿಯ ಮೂರನೆಯ ಸಾಲಿಗೆ ಹಿಂದಿರುಗಬೇಕೆಂದು ಅಲ್ಲೇ ಬರೆದಿದ್ದೇವೆ.

ಮೂರನೆಯದು: 103 ಸಸಿಗಳಿರುವ ಸಾಲು ಇದೆಯೇ? 100 ಸಸಿಗಳಿರುವ ಸಾಲು ಇದೆಯೇ? 103ರಿಂದ 7 ಕಳೆದರೆ 96. ಅದು 4ರ 24 ಪಟ್ಟು. ಆದ್ದರಿಂದ ಅದು 25ನೆಯ ಸಾಲು. 100ರಿಂದ 7 ಕಳೆದರೆ 93. 4ರಿಂದ ಭಾಗಿಸಿದರೆ 1 ಉಳಿಯುತ್ತದೆ. ಅಂತಹ ಸಾಲು ಇಲ್ಲ. 'ಇಲ್ಲ' ಎಂಬುದೂ ಗಣಿತದಲ್ಲಿ ಪೂರ್ಣ ಅಂಕದ ಉತ್ತರವಾಗಬಲ್ಲದು ಎಂಬುದನ್ನು ಹಲವು ಮಕ್ಕಳು ಇಲ್ಲಿ ಮೊದಲ ಸಲ ತಿಳಿಯುತ್ತಾರೆ. ಆದರೆ ಕಾರಣ ಬರೆಯದೆ ಬರಿಯ 'ಇಲ್ಲ' ಸಾಲದು.

ನಾಲ್ಕನೆಯದು: ಶ್ರೇಢಿಯ ಬೀಜಗಣಿತ ರೂಪವನ್ನು ಬರೆಯಿರಿ. 4n + 3. n ಇದ್ದಲ್ಲಿ 1 ಇಟ್ಟರೆ 7, 2 ಇಟ್ಟರೆ 11 ಬರುತ್ತದೆಯೇ ಎಂದು ಪರೀಕ್ಷಿಸುವ ಎರಡು ಖಾಲಿ ಗೆರೆಗಳನ್ನು ಕೊಟ್ಟಿದ್ದೇವೆ.

ಐದನೆಯದು: ಮೊದಲ 20 ಸಾಲುಗಳಲ್ಲಿ ಒಟ್ಟು ಎಷ್ಟು ಸಸಿಗಳು? ಇಪ್ಪತ್ತನೆಯ ಸಾಲಿನಲ್ಲಿ 83. ಮೊದಲನೆಯದನ್ನೂ ಕೊನೆಯದನ್ನೂ ಕೂಡಿಸಿದರೆ 90. ಎರಡನೆಯದು ಮತ್ತು ಹತ್ತೊಂಬತ್ತನೆಯದು ಕೂಡಿದರೂ 90. ಇಂತಹ 10 ಜೋಡಿಗಳಿರುವುದರಿಂದ ಒಟ್ಟು 900.

ಆರನೆಯದು: ಈ ತೋಟದ ಯಾವುದಾದರೂ ಸಾಲಿನ ಸಸಿಗಳ ಸಂಖ್ಯೆ ಪೂರ್ಣವರ್ಗ ಆಗಬಹುದೇ? ಕಾರಣ ಬರೆಯಿರಿ.

ಈ ಆರನೆಯ ಪ್ರಶ್ನೆ ಎ ಪ್ಲಸ್‌ನ ಮಗುವಿಗೂ ಸುಲಭವಲ್ಲ. ಸಮಸಂಖ್ಯೆಯನ್ನು 2k ಎಂದಿಟ್ಟುಕೊಂಡರೆ ಅದರ ವರ್ಗ 4k². 4ರಿಂದ ಭಾಗಿಸಿದರೆ ಏನೂ ಉಳಿಯುವುದಿಲ್ಲ. ವಿಷಮಸಂಖ್ಯೆಯನ್ನು 2k + 1 ಎಂದಿಟ್ಟುಕೊಂಡರೆ ಅದರ ವರ್ಗ 4k² + 4k + 1. 4ರಿಂದ ಭಾಗಿಸಿದರೆ 1 ಉಳಿಯುತ್ತದೆ. ನಮ್ಮ ಶ್ರೇಢಿಯ ಪದಗಳೆಲ್ಲ 4n + 3, ಉಳಿಯುವುದು 3. ಆದ್ದರಿಂದ ಎಷ್ಟು ಸಾಲು ಹೋದರೂ ಪೂರ್ಣವರ್ಗ ಬರಲಾರದು.

ಇದೇ ಪ್ರಶ್ನೆಗೆ ಒಂದನೆಯ ಮೆಟ್ಟಿಲಿನ ಮಗುವಿಗೂ ಒಂದು ಬಾಗಿಲಿದೆ. 7, 11, 15, 19, 23, 27 ಎಂದು ಬರೆದವರು ಅದರ ಪಕ್ಕದಲ್ಲಿ 9, 16, 25 ಎಂದು ವರ್ಗಗಳನ್ನು ಬರೆದು ಹೋಲಿಸಬಹುದು. ಒಂದೂ ಕೂಡುವುದಿಲ್ಲ ಎಂದು ಕಾಣುತ್ತದೆ. ಅದು ಸಾಧನೆಯಲ್ಲದಿದ್ದರೂ ಪ್ರಶ್ನೆ ಏನು ಕೇಳುತ್ತಿದೆ ಎಂಬುದರ ತಿಳಿವು. ತರಗತಿಯಲ್ಲಿ ಆರನೆಯ ಮೆಟ್ಟಿಲನ್ನು ಚರ್ಚಿಸುವಾಗ ಆ ಮಗು ಹೊರಗುಳಿಯುವುದಿಲ್ಲ. ಮೇಲಿನ ಮೆಟ್ಟಿಲಿಗೆ ಬೇರೆ ಸಂಖ್ಯೆಗಳನ್ನು ತಾರದೆ ಅದೇ ತೋಟವನ್ನು ಮುಂದುವರಿಸುವುದರ ಲಾಭ ಇದು.

ಕನ್ನಡದ ಪದ, ಗಣಿತದ ಪದ

ಪುಟದ ಮೊದಲ ಕರಡಿನಲ್ಲಿ ನಾವು ತೋಟವನ್ನು ಬರೆದಿರಲಿಲ್ಲ. "ಒಂದು ಸಮಾಂತರ ಶ್ರೇಢಿಯ ಮೊದಲನೆಯ ಪದ 7, ಸಾಮಾನ್ಯ ವ್ಯತ್ಯಾಸ 4" ಎಂದಷ್ಟೇ ಇತ್ತು. ಒಬ್ಬ ಹುಡುಗಿ ಬಹಳ ಹೊತ್ತು ನೋಡಿ, "ಪದ ಅಂದ್ರೆ ಶಬ್ದ ಅಲ್ವಾ ಟೀಚರ್?" ಎಂದಳು. ಅವಳು ಕೇಳಿದ್ದು ಸರಿಯಾಗಿತ್ತು. ಕನ್ನಡ ಪಾಠದಲ್ಲಿ ಪದವೆಂದರೆ ಶಬ್ದ. ಗಣಿತದಲ್ಲಿ ಅದು ಶ್ರೇಢಿಯ ಒಂದು ಸಂಖ್ಯೆ. 'ಸಾಮಾನ್ಯ' ಎಂಬುದನ್ನು ಮಕ್ಕಳು ವಿಶೇಷವಲ್ಲದ್ದು ಎಂದು ಓದುತ್ತಾರೆ. ಇಲ್ಲಿ ಅದರ ಅರ್ಥ ಎಲ್ಲೆಡೆಯೂ ಒಂದೇ ಆಗಿರುವುದು. 'ರೂಪ' ಎಂದರೆ ಚೆಲುವು ಅಥವಾ ಆಕಾರ. ಬೀಜಗಣಿತ ರೂಪವೆಂದರೆ ಅಕ್ಷರಗಳಲ್ಲಿ ಬರೆದ ಲೆಕ್ಕ.

ನಮ್ಮ ಮಕ್ಕಳ ಮನೆಮಾತು ಒಂದೇ ಅಲ್ಲ. ತುಳು, ಮಲಯಾಳ, ಕೊಂಕಣಿ, ಮರಾಠಿ, ಬ್ಯಾರಿ ಆಡುವ ಮನೆಗಳಿಂದ ಬಂದು ಕನ್ನಡದಲ್ಲಿ ಗಣಿತ ಕಲಿಯುವವರು ಹಲವರಿದ್ದಾರೆ. ಟ್ಯೂಶನ್ನಿಗೆ ಹೋದರೆ ಅಲ್ಲಿ ಮಲಯಾಳದಲ್ಲಿ 'ಪೊದುವ್ಯತ್ಯಾಸ' ಎಂದು ಕೇಳುತ್ತಾರೆ; ಶಾಲೆಯಲ್ಲಿ 'ಸಾಮಾನ್ಯ ವ್ಯತ್ಯಾಸ' ಎಂದು ಓದುತ್ತಾರೆ. ಎರಡೂ ಒಂದೇ ಎಂದು ಯಾರಾದರೂ ಹೇಳದ ಹೊರತು ಅವರಿಗೆ ಅವು ಎರಡು ಪಾಠಗಳು. ಅದಕ್ಕಾಗಿ ಪುಸ್ತಿಕೆಯಲ್ಲಿ ಎರಡು ಪುಟಗಳನ್ನು ಪದಗಳಿಗೆ ಮೀಸಲಿಟ್ಟಿದ್ದೇವೆ. ಪಠ್ಯಪುಸ್ತಕದ ಪದ, ಅದರ ಸರಳ ಅರ್ಥ, ಅಡಿಕೆ ತೋಟದಂತಹ ಒಂದು ಉದಾಹರಣೆ, ಮಗು ತನ್ನ ಮನೆಮಾತಿನಲ್ಲಿ ಬರೆದುಕೊಳ್ಳಲು ಒಂದು ಖಾಲಿ ಜಾಗ. ಪದಗಳ ಸಂಖ್ಯೆ ನಲವತ್ತನ್ನು ಮೀರಬಾರದು ಎಂದು ನಾವೇ ಕಟ್ಟು ಹಾಕಿಕೊಂಡಿದ್ದೇವೆ. ಮೀರಿದರೆ ಅದು ನಿಘಂಟಾಗುತ್ತದೆ, ಯಾರೂ ತೆರೆಯುವುದಿಲ್ಲ.

ಪಠ್ಯಪುಸ್ತಕದ ಪದವನ್ನು ತೆಗೆದು ಸುಲಭದ ಪದವನ್ನು ಹಾಕುವುದು ಮಾತ್ರ ತಪ್ಪು. ಪ್ರಶ್ನೆಪತ್ರಿಕೆಯಲ್ಲಿ ಬರುವುದು ಪಠ್ಯದ ಪದವೇ. ಆದ್ದರಿಂದ ಎಡಪುಟದಲ್ಲಿ 'ಸಾಲು', 'ಸಸಿ' ಎಂದು ಆರಂಭಿಸಿ, ನಾಲ್ಕನೆಯ ಮೆಟ್ಟಿಲಿನಿಂದ 'ಪದ', 'ಸಾಮಾನ್ಯ ವ್ಯತ್ಯಾಸ' ಎಂದೇ ಬರೆಯುತ್ತೇವೆ.

ಮಂಗಳೂರಿನಿಂದ ತಂದ ಗೈಡು

ಕನ್ನಡದಲ್ಲಿ ಕೇರಳ ಪಠ್ಯಕ್ರಮದ ಅಭ್ಯಾಸಪುಸ್ತಕಗಳು ಅಂಗಡಿಯಲ್ಲಿ ವಿರಳ. ಹಾಗಾಗಿ ಕೆಲವು ಹೆತ್ತವರು ಮಂಗಳೂರು, ಪುತ್ತೂರುಗಳಿಂದ ಕರ್ನಾಟಕದ ಹತ್ತನೆಯ ತರಗತಿಯ ಗೈಡನ್ನು ತಂದುಕೊಡುತ್ತಾರೆ. ಅದರ ಪುಟಗಳನ್ನೇ ಪುಸ್ತಿಕೆಗೆ ಸೇರಿಸಿದರಾಗದೇ ಎಂದು ಕೇಳಿದವರೂ ಇದ್ದಾರೆ. ಭಾಷೆ ನಮ್ಮದೇ ಆದರೂ ಅದು ಅಪಾಯ. ಒಂದು ಅಕ್ಷರದಿಂದ ಇದನ್ನು ತೋರಿಸಬಹುದು.

ಕರ್ನಾಟಕದ ಪುಸ್ತಕದಲ್ಲಿ ಶ್ರೇಢಿಯ ಪದಕ್ಕೆ a + (n − 1)d ಎಂಬ ಸೂತ್ರವಿದೆ. ಅಲ್ಲಿ a ಎಂದರೆ ಮೊದಲನೆಯ ಪದ, d ಎಂದರೆ ಸಾಮಾನ್ಯ ವ್ಯತ್ಯಾಸ. ಕೇರಳದ ಪಾಠದಲ್ಲಿ ಶ್ರೇಢಿಯನ್ನು an + b ಎಂಬ ರೂಪದಲ್ಲಿ ಬರೆಯುತ್ತಾರೆ. ಇಲ್ಲಿ a ಎಂದರೆ ಸಾಮಾನ್ಯ ವ್ಯತ್ಯಾಸ. ನಮ್ಮ ಅಡಿಕೆ ತೋಟದಲ್ಲಿ ಒಂದು ಪುಸ್ತಕದ ಪ್ರಕಾರ a 7, ಇನ್ನೊಂದರ ಪ್ರಕಾರ a 4. ಎರಡೂ ಸರಿ. ಆದರೆ ಎರಡನ್ನೂ ಓದಿದ ಮಗು ಪರೀಕ್ಷೆಯಲ್ಲಿ 7n + 4 ಎಂದು ಬರೆದರೆ ಆಶ್ಚರ್ಯವಿಲ್ಲ, ಅದು ತಪ್ಪು. ಅಂತಹ ಉತ್ತರ ಕಂಡಾಗ ಮಗುವಿಗೆ ಪಾಠ ಬರುವುದಿಲ್ಲ ಎಂದು ತೀರ್ಮಾನಿಸುವ ಮೊದಲು, ಮನೆಯಲ್ಲಿ ಯಾವ ಪುಸ್ತಕವಿದೆ ಎಂದು ಕೇಳುವುದು ಒಳ್ಳೆಯದು. ಹೊರಗಿನ ಪುಸ್ತಕದಿಂದ ಲೆಕ್ಕದ ಸಂಖ್ಯೆಗಳನ್ನು ತೆಗೆದುಕೊಳ್ಳಬಹುದು. ಸೂತ್ರ, ಸಂಕೇತ, ವಿವರಣೆಗಳು ಮಗುವಿನ ಪಠ್ಯಪುಸ್ತಕದಿಂದಲೇ ಬರಬೇಕು.

ಎಷ್ಟು ಪುಟ, ಏನೇನು

ಎ4 ಹಾಳೆಯನ್ನು ನಡುವೆ ಮಡಚಿದರೆ ನಾಲ್ಕು ಪುಟಗಳಾಗುತ್ತವೆ. ಎಂಟು ಹಾಳೆಗಳಿಗೆ 32 ಪುಟಗಳು. ನಡುವೆ ಎರಡು ಪಿನ್ ಹೊಡೆದರೆ ಪುಸ್ತಿಕೆ ಸಿದ್ಧ. ಮೊದಲನೆಯ ಪುಟದಲ್ಲಿ ಬಳಸುವ ಕ್ರಮ. ಎರಡರಿಂದ 27ರವರೆಗೆ ಎದುರುಬದುರಿನ 13 ಘಟಕಗಳು. 28 ಮತ್ತು 29ರಲ್ಲಿ ಪದಗಳು. ಕೊನೆಯ ಮೂರು ಪುಟಗಳಲ್ಲಿ ಉತ್ತರಗಳು. ಫೋಟೋಸ್ಟಾಟಿಗೆ ಒಂದು ಮಗ್ಗುಲಿಗೆ ಒಂದು ರೂಪಾಯಿ ಎಂದು ಹಿಡಿದರೆ ಒಂದು ಪುಸ್ತಿಕೆಗೆ 16 ರೂಪಾಯಿ, 34 ಮಕ್ಕಳಿಗೆ 544 ರೂಪಾಯಿ. ರಕ್ಷಕ ಶಿಕ್ಷಕ ಸಂಘಕ್ಕೆ ಇದು ಭಾರವಾಗದು. ಪುಟ ಹೆಚ್ಚಿಸುವ ಆಸೆಯಾದಾಗ ನಾವು ತಡೆದುಕೊಳ್ಳುವುದು ಹಣದ ಕಾರಣಕ್ಕಿಂತ ಹೆಚ್ಚಾಗಿ ದಿನಗಳ ಕಾರಣಕ್ಕೆ. ವಾರಕ್ಕೆ ಎರಡು ಘಟಕಗಳಂತೆ 13 ಘಟಕಗಳಿಗೆ ಏಳು ವಾರಗಳಾದರೂ ಬೇಕು. ಜನವರಿಯಿಂದ ಅಷ್ಟೇ ಉಳಿದಿರುತ್ತದೆ.

ಯಾವ 13 ಎಂಬುದನ್ನು ಆರಿಸಲು ಹಿಂದಿನ ಮೂರು ವರ್ಷಗಳ ಪ್ರಶ್ನೆಪತ್ರಿಕೆಗಳ ಒಂದೊಂದು ಪ್ರಶ್ನೆಯನ್ನೂ ಚೀಟಿಯಲ್ಲಿ ಬರೆದು, ಪಾಠವಾರು ಗುಂಪು ಮಾಡುತ್ತೇವೆ. ಪಠ್ಯಪುಸ್ತಕ ಬದಲಾದ ವರ್ಷದಲ್ಲಿ ಹೊಸ ಪುಸ್ತಕದಲ್ಲಿಲ್ಲದ ಚೀಟಿಗಳನ್ನು ತೆಗೆದುಹಾಕಬೇಕು. ಇಲ್ಲವಾದರೆ ಮಗು ಬಾರದ ಪ್ರಶ್ನೆಗೆ ದುಡಿಯುತ್ತದೆ. ಉಳಿದ ಗುಂಪುಗಳಲ್ಲಿ ಹಳೆಯ ತರಗತಿಗಳ ಜ್ಞಾನ ಕಡಿಮೆ ಬೇಕಾಗುವ ಘಟಕಗಳನ್ನು ಮುಂದೆ ಇಡುತ್ತೇವೆ. ಶ್ರೇಢಿಯ ಮೊದಲ ಭಾಗಕ್ಕೆ ಕೂಡಿಸುವುದು, ಗುಣಿಸುವುದು ಸಾಕು. ವರ್ಗಸಮೀಕರಣಕ್ಕೆ ಋಣಸಂಖ್ಯೆ, ವರ್ಗಮೂಲ ಎರಡೂ ಬೇಕು. ಅದು ನಡುವಿನ ಬಳಿಕ ಬರುತ್ತದೆ. ಪಠ್ಯದ ಕ್ರಮವನ್ನೇ ಅನುಸರಿಸಿದರೆ 24ರ ಗೆರೆಯ ಕೆಳಗಿನ ಮಗು ಮೊದಲ ವಾರಗಳಲ್ಲೇ ಕಠಿಣ ಪಾಠಕ್ಕೆ ಸಿಲುಕಿ ಪುಸ್ತಿಕೆಯನ್ನು ಮುಚ್ಚಿಬಿಡಬಹುದು.

ಎಲ್ಲಿ ಕೆಡುತ್ತದೆ, ಹೇಗೆ ತಿಳಿಯುವುದು

ಮುದ್ರಿಸುವ ಮೊದಲು ಒಂದು ಘಟಕವನ್ನು ಮೂವರು ಮಕ್ಕಳಿಗೆ ಕೊಟ್ಟು ನೋಡುತ್ತೇವೆ: ಮುಂದಿರುವ ಒಬ್ಬರು, ನಡುವಿನ ಒಬ್ಬರು, ಹಿಂದಿರುವ ಒಬ್ಬರು. ಆ ಹೊತ್ತಿನಲ್ಲಿ ಏನೂ ಹೇಳಿಕೊಡದೆ ಪಕ್ಕದಲ್ಲಿ ಕುಳಿತಿರುತ್ತೇವೆ. ಹಿಂದಿರುವ ಮಗು ಹತ್ತು ನಿಮಿಷಗಳಲ್ಲಿ ಎರಡನೆಯ ಮೆಟ್ಟಿಲನ್ನು ತಲಪದಿದ್ದರೆ ಮೊದಲ ಮೆಟ್ಟಿಲು ಎತ್ತರವಾಗಿದೆ. ಮುಂದಿರುವ ಮಗು ಅರ್ಧ ಗಂಟೆಯೊಳಗೆ ಆರನೆಯದನ್ನೂ ಮುಗಿಸಿದರೆ ಕೊನೆಯ ಮೆಟ್ಟಿಲು ಗಿಡ್ಡವಾಗಿದೆ. ಎರಡೂ ಸಂದರ್ಭಗಳಲ್ಲಿ ತಿದ್ದಬೇಕಾದದ್ದು ಪುಟವನ್ನು.

ತರಗತಿಯಲ್ಲಿ ಹೆಚ್ಚಾಗಿ ಕಾಣುವ ತೊಂದರೆ ನಕಲು. ಹಿಂದೆ ನಾವು ಎಲ್ಲ ಪ್ರಶ್ನೆಗಳಿಗೂ ಪೂರ್ಣ ಉತ್ತರ ಕೊಟ್ಟಿದ್ದೆವು. ಪುಸ್ತಿಕೆಗಳು ಅಂದವಾಗಿ ತುಂಬಿ ಬಂದವು, ಮಾದರಿ ಪರೀಕ್ಷೆಯಲ್ಲಿ ಅದೇ ಮಕ್ಕಳು ಎಡವಿದರು. ಈಗ ಮೊದಲ ಮೂರು ಮೆಟ್ಟಿಲುಗಳಿಗೆ ಕೊನೆಯ ಸಂಖ್ಯೆಯನ್ನಷ್ಟೇ, ಮುಂದಿನ ಮೂರಕ್ಕೆ ಒಂದು ಸಾಲಿನ ಸುಳಿವನ್ನಷ್ಟೇ ಕೊಡುತ್ತೇವೆ. ಪ್ರತಿ ಮೆಟ್ಟಿಲಿನ ಪಕ್ಕದಲ್ಲಿ ಮೂರು ಚಿಕ್ಕ ಚೌಕಗಳಿವೆ: 'ನಾನೇ ಮಾಡಿದೆ', 'ಕೇಳಿ ಮಾಡಿದೆ', 'ಆಗಲಿಲ್ಲ'. ಮಗು ಒಂದಕ್ಕೆ ಗುರುತು ಹಾಕುತ್ತದೆ. 'ಆಗಲಿಲ್ಲ' ಎಂಬ ಗುರುತಿಗೆ ಗದರಿಕೆ ಇಲ್ಲವೆಂದು ಮೊದಲ ದಿನವೇ ಹೇಳಬೇಕು. ಗದರಿದ ದಿನದಿಂದ ಎಲ್ಲ ಚೌಕಗಳೂ 'ನಾನೇ ಮಾಡಿದೆ' ಆಗುತ್ತವೆ.

ಕಲಿತಿದ್ದಾರೆಯೇ ಎಂಬುದಕ್ಕೆ ಇನ್ನೊಂದು ಪರೀಕ್ಷೆ ಬೇಕು. ಒಂದು ವಾರದ ಬಳಿಕ ಪುಸ್ತಿಕೆ ಮುಚ್ಚಿಸಿ, ಖಾಲಿ ಕಾಗದದಲ್ಲಿ 5, 8, 11 ಎಂದು ಆರಂಭವಾಗುವ ಶ್ರೇಢಿಯ ಹತ್ತನೆಯ ಪದವನ್ನು ಕೇಳುತ್ತೇವೆ. 32 ಬಂದರೆ ಸರಿ. 35 ಬಂದರೆ ಹಳೆಯ ತಪ್ಪು ಹಾಗೆಯೇ ಇದೆ. ಪುಸ್ತಿಕೆಯ ಪುಟ ಎಷ್ಟೇ ಅಂದವಾಗಿ ತುಂಬಿದ್ದರೂ ಆ ಮೆಟ್ಟಿಲನ್ನು ಮತ್ತೆ ಹತ್ತಿಸಬೇಕು. ನಮ್ಮ ಹನ್ನೊಂದು ಮಕ್ಕಳಲ್ಲಿ ಮೊದಲ ವಾರದ ಬಳಿಕ ಮೂವರು 35 ಎಂದೇ ಬರೆದಿದ್ದರು. ಅವರಲ್ಲಿ ಇಬ್ಬರಿಗೆ ಪಟ್ಟಿಯ ಮೂರನೆಯ ಸಾಲನ್ನು ಮತ್ತೆ ತುಂಬಿಸಿದಾಗ ತಿಳಿಯಿತು. ಇನ್ನೊಬ್ಬನಿಗೆ ಮಗ್ಗಿಯೇ ಬರುತ್ತಿರಲಿಲ್ಲ. ಅವನು ಹತ್ತರಿಂದ ಗುಣಿಸುವುದು ಸುಲಭವೆಂದು ಹತ್ತನ್ನೇ ಹಿಡಿದಿದ್ದ. ಅಂತಹ ಮಗುವಿಗೆ ಪುಸ್ತಿಕೆಯೊಂದೇ ಸಾಲದು. ಬೆಳಗ್ಗೆ ಅರ್ಧ ಗಂಟೆ ಪಕ್ಕದಲ್ಲಿ ಕುಳಿತು ಮಗ್ಗಿ ಹೇಳಿಸಿದ್ದರಿಂದಲೇ ಅವನು ಎರಡನೆಯ ಮೆಟ್ಟಿಲು ಏರಿದ್ದು.

ಮನೆಯಲ್ಲಿ

ಗಣಿತ ತಿಳಿಯದ ಹೆತ್ತವರೂ ಈ ಪುಸ್ತಿಕೆಯಲ್ಲಿ ಎರಡು ವಿಷಯಗಳನ್ನು ನೋಡಬಹುದು. ವಾರಕ್ಕೆ ಎರಡು ಘಟಕಗಳ ದಿನಾಂಕ ಬಿದ್ದಿದೆಯೇ ಎಂಬುದು ಒಂದು. ಮಗು ಒಂದನೆಯ ಮತ್ತು ಎರಡನೆಯ ಮೆಟ್ಟಿಲನ್ನು ಮನೆಮಾತಿನಲ್ಲೇ ಬಾಯಿಬಿಟ್ಟು ವಿವರಿಸಬಲ್ಲದೇ ಎಂಬುದು ಇನ್ನೊಂದು. ತುಳುವಿನಲ್ಲೋ ಮಲಯಾಳದಲ್ಲೋ "ಹತ್ತನೆಯ ಸಾಲಿಗೆ ಒಂಬತ್ತು ಸಲ ಮಾತ್ರ ಯಾಕೆ ಸೇರಿಸಬೇಕು?" ಎಂದು ಕೇಳಿದಾಗ ಮಗು ಪಟ್ಟಿಯನ್ನು ತೋರಿಸಿ ಹೇಳಿದರೆ ಆ ಪುಟ ಅದರದ್ದಾಗಿದೆ. ಹೇಳಲಾಗದಿದ್ದರೆ ಆ ಘಟಕದ ಸಂಖ್ಯೆಯನ್ನು ಒಂದು ಚೀಟಿಯಲ್ಲಿ ಬರೆದು ಕಳಿಸಿದರೆ ಸಾಕು.

ಅಣ್ಣ ಅಕ್ಕಂದಿರು ಉತ್ತರ ಬರೆದುಕೊಡುವುದು, ಕಳೆದ ವರ್ಷದ ತುಂಬಿದ ಪುಸ್ತಿಕೆಯನ್ನು ಪಕ್ಕದಲ್ಲಿಟ್ಟುಕೊಳ್ಳುವುದು, ಪಕ್ಕದ ಮನೆಯ ಮಗು ಎಷ್ಟನೆಯ ಮೆಟ್ಟಿಲಿನಲ್ಲಿದೆ ಎಂದು ವಿಚಾರಿಸುವುದು, ಈ ಮೂರೂ ಬೇಡ. ನಾವು ಪ್ರತಿ ವರ್ಷ ಸಂಖ್ಯೆಗಳನ್ನು ಬದಲಾಯಿಸುತ್ತೇವೆ. ಈ ಸಲದ ತೋಟದಲ್ಲಿ ಮೊದಲ ಸಾಲಿಗೆ 7 ಸಸಿಗಳಿದ್ದರೆ ಮುಂದಿನ ಸಲ 9 ಇರುತ್ತವೆ; ಹಳೆಯ ಉತ್ತರ ಹೊಸ ತೋಟಕ್ಕೆ ಹೊಂದುವುದಿಲ್ಲ.